ವೈಫೈ ದಾಟಿದರೂ ಕಡಿಯದ ಸುರಂಗ

ಮನೆಯ ವೈಫೈನಲ್ಲಿ ಕೂತು, ಫೋನಿನಿಂದಲೇ ಕಚೇರಿಯ ವಿಪಿಎನ್‌ಗೆ ಸೇರಿಕೊಂಡು ಕೆಲಸ ಮಾಡುವವರು ಈಗ ಬಹಳ ಮಂದಿ. ಕೆಲಸದ ನಡುವೆ ಹೊರಗೆ ಹೋಗಬೇಕಾಗಿ ಬಂದು, ಫೋನ್ ಹಿಡಿದುಕೊಂಡೇ ಗೇಟು ದಾಟುತ್ತಾರೆ. ವೈಫೈ ಹೋಗಿ 4ಜಿ ಬರುತ್ತದೆ. ಕೆಲವರ ಫೋನಿನಲ್ಲಿ ಏನೂ ಆಗುವುದಿಲ್ಲ. ತೆರೆದಿಟ್ಟ ಕಡತ ತೆರೆದಂತೆಯೇ ಇರುತ್ತದೆ. ಇನ್ನು ಕೆಲವರ ಫೋನಿನಲ್ಲಿ ಮೇಲ್ತುದಿಯ ಕೀಲಿಯ ಚಿಹ್ನೆ ಮಾಯವಾಗುತ್ತದೆ, ಕಚೇರಿಯ ಆ್ಯಪ್ ಸುಮ್ಮನೆ ಸುತ್ತುತ್ತಾ ನಿಲ್ಲುತ್ತದೆ. ಮತ್ತೆ ಕನೆಕ್ಟ್ ಒತ್ತಿದರೆ, ಈ ಹೆಸರಿನಲ್ಲಿ ಆಗಲೇ ಒಬ್ಬರು ಒಳಗಿದ್ದಾರೆ ಎಂದು ಸರ್ವರ್ ಬಾಗಿಲು ಹಾಕುತ್ತದೆ. ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಎರಡು ನಿಮಿಷ ಬಿಟ್ಟು ಇನ್ನೊಂದ್ಸಲ ಟ್ರೈ ಮಾಡಿ ಮೇಡಂ, ಆಗುತ್ತೆ."

ಎರಡು ನಿಮಿಷ ಬಿಟ್ಟರೆ ಆಗಿಯೂ ಬಿಡುತ್ತದೆ. ಹುಡುಗ ಬಾಯಿಗೆ ಬಂದದ್ದು ಹೇಳಿದ್ದಲ್ಲ. ಆ ಎರಡು ನಿಮಿಷಕ್ಕೆ ಒಂದು ಲೆಕ್ಕವಿದೆ, ಆ ಲೆಕ್ಕ 1999ರಲ್ಲಿ ಬರೆದ ನಿಯಮದ ಪುಟಗಳಲ್ಲಿದೆ. ಎಲ್‌2ಟಿಪಿ ಎಂಬ ಹಳೆಯ ವಿಧಾನದ ಫೋನು ಹೀಗೆ ತಡವರಿಸುವಾಗ ಐಕೆಇವಿ2 ಎಂಬ ಹೊಸ ವಿಧಾನದ ಫೋನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚೇತರಿಸಿಕೊಳ್ಳುವುದೇಕೆ ಎಂಬುದನ್ನು ತಿಳಿಯಲು ಆ ಲೆಕ್ಕದ ಒಳಗೆ ಇಳಿಯಬೇಕು.

ಮೊದಲು ಹಳೆಯದರ ಹುಟ್ಟು. ಎಲ್‌2ಟಿಪಿ ಮೊಬೈಲ್ ಕಾಲದ ಕೂಸಲ್ಲ, ಡಯಲ್‌ಅಪ್ ಮೋಡೆಮ್ ಕಾಲದ್ದು. ಆಗ ಮನೆಯ ದೂರವಾಣಿ ತಂತಿಯ ಮೇಲೆ ಕಿರ್ರೆನ್ನುತ್ತಿದ್ದ ಮೋಡೆಮ್, ಪಿಪಿಪಿ ಎಂಬ ನಿಯಮದ ಪ್ರಕಾರ ಇಂಟರ್‌ನೆಟ್ ಕಂಪನಿಯೊಡನೆ ಮಾತಾಡುತ್ತಿತ್ತು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುವುದು, ಅವರಿಗೊಂದು ಐಪಿ ವಿಳಾಸ ಕೊಡುವುದು, ಎಲ್ಲ ಪಿಪಿಪಿಯದೇ ಕೆಲಸ. ಈ ಪಿಪಿಪಿ ಕರೆಯನ್ನು ಇಂಟರ್‌ನೆಟ್ ಮೂಲಕ ಸಾಗಿಸಿ ದೂರದ ಕಚೇರಿಗೆ ಮುಟ್ಟಿಸಲು ಮೈಕ್ರೋಸಾಫ್ಟ್ ಬಳಗದ್ದೊಂದು, ಸಿಸ್ಕೋ ಕಂಪನಿಯದೊಂದು ವಿಧಾನವಿತ್ತು. ಎರಡರ ಗುಣಗಳನ್ನೂ ಕೂಡಿಸಿ 1999ರಲ್ಲಿ ಎಲ್‌2ಟಿಪಿ ಬಂತು. ಜಾಲದ ಪದರಗಳಲ್ಲಿ ಐಪಿಗಿಂತ ಕೆಳಗಿನ ಎರಡನೇ ಪದರವನ್ನೇ ಇಡಿಯಾಗಿ ಸುರಂಗದಲ್ಲಿ ಸಾಗಿಸುವುದರಿಂದ ಅದಕ್ಕೆ ಆ ಹೆಸರು.

ಎಲ್‌2ಟಿಪಿಗೆ ಸ್ವಂತ ಗೂಢಲಿಪಿ ಇಲ್ಲ. ಹಾಗಾಗಿ ಅದನ್ನು ಐಪಿಸೆಕ್ ಎಂಬ ರಕ್ಷಾಕವಚದೊಳಗೆ ಇಟ್ಟು ಕಳಿಸುವ ಪದ್ಧತಿ 2001ರಲ್ಲಿ ಪ್ರಮಾಣಿತವಾಯಿತು. ವಿಂಡೋಸ್ 2000ದಲ್ಲಿ ಅದು ಆಗಲೇ ಇತ್ತು. ಮುಂದೆ ಫೋನುಗಳು ಬಂದಾಗ, ಎಲ್ಲ ಕಡೆ ಸಿಗುತ್ತಿದ್ದ ವಿಪಿಎನ್ ಇದೇ ಆದದ್ದರಿಂದ ಅವುಗಳೊಳಗೂ ಇದೇ ಬಂದು ಕೂತಿತು. ಮೇಜಿನ ಮೇಲೆ ಅಲುಗಾಡದೆ ಇರುವ ಕಂಪ್ಯೂಟರಿಗೆಂದು ಹೊಲಿದ ಅಂಗಿಯನ್ನು ಓಡಾಡುವ ಫೋನಿಗೆ ತೊಡಿಸಿದಂತಾಯಿತು. ಡಯಲ್‌ಅಪ್ ಕರೆಯ ಮಧ್ಯೆ ವಿಳಾಸ ಬದಲಾಗುವ ಪ್ರಶ್ನೆಯೇ ಇರಲಿಲ್ಲ. ಕರೆ ಕಡಿದರೆ ಮತ್ತೆ ಡಯಲ್ ಮಾಡುತ್ತಿದ್ದರು, ಅಷ್ಟೆ.

ಈ ನಂಬಿಕೆ ನಿಯಮದೊಳಗೇ ಬರೆದಿಟ್ಟದ್ದು. ಎಲ್‌2ಟಿಪಿಯ ಮೂಲ ದಾಖಲೆಯಾದ ಆರ್‌ಎಫ್‌ಸಿ 2661ರ ಪ್ರಕಾರ, ಸುರಂಗ ಒಮ್ಮೆ ಏರ್ಪಟ್ಟ ಮೇಲೆ ಎರಡೂ ತುದಿಯ ವಿಳಾಸಗಳು ಮತ್ತು ಪೋರ್ಟ್ ಸಂಖ್ಯೆಗಳು ಅದರ ಆಯುಷ್ಯ ಮುಗಿಯುವ ತನಕ ಬದಲಾಗಲೇಬಾರದು. ಫೋನು ವೈಫೈ ಬಿಟ್ಟು 4ಜಿಗೆ ಬಂದ ಕ್ಷಣ ಅದರ ವಿಳಾಸ ಬದಲಾಗುತ್ತದೆ. ಅಂದರೆ ನಿಯಮದ ದೃಷ್ಟಿಯಲ್ಲಿ ಆ ಸುರಂಗ ಅಲ್ಲಿಗೆ ಸತ್ತಿತು.

ಅದರ ಹೊರಗಿನ ಐಪಿಸೆಕ್ ಕವಚದ ಕಥೆಯೂ ಬೇರೆಯಲ್ಲ. ಎಲ್‌2ಟಿಪಿಯೊಡನೆ ಐಪಿಸೆಕ್ ಬಳಸುವುದು ಸಾಗಣೆ ವಿಧದಲ್ಲಿ, ಇಂಗ್ಲಿಷ್ ಕೈಪಿಡಿಗಳು ಟ್ರಾನ್ಸ್‌ಪೋರ್ಟ್ ಮೋಡ್ ಎನ್ನುವ ರೀತಿಯಲ್ಲಿ. ಇದರಲ್ಲಿ ಪ್ಯಾಕೆಟ್ಟಿನ ಮೇಲಿನ ವಿಳಾಸ ಹಾಗೆಯೇ ಉಳಿದು, ಒಳಗಿನ ಸರಕಿಗೆ ಮಾತ್ರ ಬೀಗ ಬೀಳುತ್ತದೆ. ಎರಡು ಕಡೆಯವರು ಮಾಡಿಕೊಂಡ ಒಪ್ಪಂದವೂ "ಈ ವಿಳಾಸದಿಂದ ಆ ವಿಳಾಸಕ್ಕೆ, 1701ನೇ ಪೋರ್ಟಿನ ಸಂಚಾರಕ್ಕೆ ಈ ಕೀಲಿ" ಎಂಬಂತಿರುತ್ತದೆ. ವಿಳಾಸ ಒಪ್ಪಂದದ ಹೊರಗಿನ ವಿವರವಲ್ಲ, ಒಪ್ಪಂದದ ವಸ್ತುವೇ ಅದು. ಅದು ಹೋದರೆ ಒಪ್ಪಂದವೂ ಹೋಯಿತು. ಕೀಲಿಗಳನ್ನು ಮಾತಾಡಿಕೊಳ್ಳುವ ಹಳೆಯ ವಿಧಾನವಾದ ಐಕೆಇಯ ಮೊದಲ ಆವೃತ್ತಿಯಲ್ಲಿ "ನನ್ನ ವಿಳಾಸ ಬದಲಾಯಿತು" ಎಂದು ತಿಳಿಸುವ ಒಂದು ಸಂದೇಶವೂ ಇಲ್ಲ.

ಈಗ ಗೇಟಿನ ಹೊರಗೆ ನಿಂತ ಫೋನಿನಲ್ಲಿ ಏನಾಗುತ್ತದೆಂದು ನೋಡೋಣ. ಮನೆಯಲ್ಲಿ ಅದರ ವಿಳಾಸ 192.168.1.5 ಆಗಿತ್ತು ಎಂದುಕೊಳ್ಳಿ. ಕಚೇರಿಯ ಸರ್ವರು ಸುರಂಗದೊಳಗೆ ಅದಕ್ಕೆ ಕೊಟ್ಟ ಒಳವಿಳಾಸ 10.20.0.7. ರಸ್ತೆಗೆ ಬಂದೊಡನೆ ಮೊಬೈಲ್ ಕಂಪನಿ ಅದಕ್ಕೆ 100.72.14.9 ಎಂಬ ಹೊಸ ಹೊರವಿಳಾಸ ಕೊಟ್ಟಿತು. ಹಳೆಯ ಆಂಡ್ರಾಯ್ಡ್ ಫೋನಾದರೆ, ತನ್ನ ಸುರಂಗ ನಿಂತಿದ್ದ ವೈಫೈ ಹೋದದ್ದನ್ನು ಕಂಡು ವಿಪಿಎನ್ ಅನ್ನೇ ಕೆಡವಿಬಿಡುತ್ತದೆ. ಕೀಲಿಯ ಚಿಹ್ನೆ ಮಾಯವಾಗುವುದು ಆಗಲೇ.

ಬಳಕೆದಾರರು ಮತ್ತೆ ಕನೆಕ್ಟ್ ಒತ್ತುತ್ತಾರೆ. ಆಗ ಎಲ್ಲವೂ ಮೊದಲಿನಿಂದ ಶುರು. ಐಕೆಇಯ ಮೊದಲ ಹಂತಕ್ಕೆ 6 ಸಂದೇಶ, ಎರಡನೆಯ ಹಂತಕ್ಕೆ 3. ಕವಚ ಸಿದ್ಧವಾದ ಮೇಲೆ ಅದರೊಳಗೆ ಎಲ್‌2ಟಿಪಿ ಸುರಂಗ ಕಟ್ಟಲು 3 ಸಂದೇಶ, ಸುರಂಗದೊಳಗೊಂದು ಕರೆ ತೆರೆಯಲು ಇನ್ನು 3. ಆ ಕರೆಯ ಒಳಗೆ ಪಿಪಿಪಿ ಎದ್ದು ಕೂತು, ಮೋಡೆಮ್ ಕಾಲದ ತನ್ನ ಹಳೆಯ ಶಾಸ್ತ್ರವನ್ನೆಲ್ಲ ಒಂದೊಂದಾಗಿ ಮಾಡುತ್ತದೆ: ಸಂಪರ್ಕದ ಷರತ್ತುಗಳಿಗೆ ಒಪ್ಪಿಗೆ, ಪಾಸ್‌ವರ್ಡಿನ ಸವಾಲು ಮತ್ತು ಜವಾಬು, ಕೊನೆಗೆ ಒಳವಿಳಾಸದ ಕೋರಿಕೆ, ನಿರಾಕರಣೆ, ಮರುಕೋರಿಕೆ, ಮಂಜೂರಾತಿ. ಎಲ್ಲ ಸುಸೂತ್ರವಾಗಿ ನಡೆದರೂ ಒಟ್ಟು ಸುಮಾರು 28 ಸಂದೇಶಗಳ ಓಡಾಟ.

ಹಳೆಯ ವಿಧಾನ ನಿಧಾನವಾಗುವುದು ಈ 28 ಸಂದೇಶಗಳಿಂದ ಎಂದು ಹಲವರು ವಿವರಿಸುತ್ತಾರೆ. ನನ್ನ ಪ್ರಕಾರ ಅದು ಅರ್ಧ ಮಾತು. ಸಂದೇಶವೊಂದು ಹೋಗಿ ಉತ್ತರ ಬರಲು 80 ಮಿಲಿಸೆಕೆಂಡ್ ಹಿಡಿಯುವ ಸಾಧಾರಣ 4ಜಿಯಲ್ಲಿ ಇದಿಷ್ಟೂ ಮುಗಿಯಲು ಸೆಕೆಂಡು, ಹೆಚ್ಚೆಂದರೆ ಒಂದೂವರೆ ಸೆಕೆಂಡು ಸಾಕು. ನಿಜವಾದ ಸಮಯ ಕಳೆಯುವುದು ಇನ್ನೊಂದು ತುದಿಯಲ್ಲಿ, ಏನಾಯಿತೆಂದು ಗೊತ್ತಿಲ್ಲದ ಸರ್ವರಿನಲ್ಲಿ.

ಫೋನು ವೈಫೈ ಬಿಟ್ಟು ಹೋಗುವಾಗ ಸರ್ವರಿಗೆ ಹೇಳಿ ಹೋಗಿರುವುದಿಲ್ಲ. ಹೇಳಲು ದಾರಿಯೂ ಇರಲಿಲ್ಲ. ವೈಫೈ ಹೋದ ಮೇಲೆ ಹಳೆಯ ವಿಳಾಸದಿಂದ ಏನನ್ನೂ ಕಳಿಸಲಾಗದು, ಹೊಸ ವಿಳಾಸದಿಂದ ಕಳಿಸಿದರೆ ಅದು ಹಳೆಯ ಒಪ್ಪಂದಕ್ಕೆ ಸೇರುವುದಿಲ್ಲ. ಹಾಗಾಗಿ ಸರ್ವರಿನ ಲೆಕ್ಕದಲ್ಲಿ 10.20.0.7 ಇನ್ನೂ ಜೀವಂತ, ಆ ಉದ್ಯೋಗಿ ಇನ್ನೂ ಒಳಗೇ ಇದ್ದಾರೆ. ಆ ಕಡೆಯಿಂದ ಸದ್ದೇ ಇಲ್ಲವಲ್ಲ ಎಂದು ಅದಕ್ಕೆ ಅನುಮಾನ ಬರಬೇಕಾದರೆ, ಆರ್‌ಎಫ್‌ಸಿ ಸೂಚಿಸುವ ವಾಡಿಕೆಯ ಅವಧಿ 60 ಸೆಕೆಂಡಿನ ಮೌನ. ಆಮೇಲೆ ಸರ್ವರು "ಹಲೋ" ಎಂಬ ಹೆಸರಿನದೇ ಒಂದು ಸಂದೇಶ ಕಳಿಸುತ್ತದೆ. ಉತ್ತರ ಬಾರದಿದ್ದರೆ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ನಂತರ 2 ಸೆಕೆಂಡ್, 4 ಸೆಕೆಂಡ್, 8 ಸೆಕೆಂಡ್ ಎಂದು ಕಾಯುವಿಕೆ ಇಮ್ಮಡಿಯಾಗುತ್ತದೆ. 8ಕ್ಕೆ ಮಿತಿ ಹಾಕಿ, ಶಿಫಾರಸಿನಂತೆ 5 ಬಾರಿ ಮರುಕಳಿಸಿ ಕೈಬಿಡುವ ಹೊತ್ತಿಗೆ 31 ಸೆಕೆಂಡ್ ಆಗಿರುತ್ತದೆ. ಮೊದಲಿನ 60 ಸೇರಿಸಿದರೆ 91 ಸೆಕೆಂಡ್. ಒಂದು ಹೆಸರಿಗೆ ಒಂದೇ ಪ್ರವೇಶ ಎಂಬ ಕಟ್ಟುಪಾಡಿರುವ ಕಚೇರಿಯಲ್ಲಿ, ಈ ಒಂದೂವರೆ ನಿಮಿಷ ಕಳೆಯುವ ತನಕ ಹೊಸ ಪ್ರವೇಶ ಸಿಗುವುದಿಲ್ಲ. ಸಹಾಯವಾಣಿಯ ಹುಡುಗ ಹೇಳಿದ ಎರಡು ನಿಮಿಷದ ಮೂಲ ಇದು.

ಅಂಥ ಕಟ್ಟುಪಾಡು ಇಲ್ಲದ ಕಡೆ ಪ್ರವೇಶ ಕೂಡಲೇ ಸಿಗಬಹುದು, ಆದರೆ ತೊಂದರೆ ತಪ್ಪುವುದಿಲ್ಲ. 10.20.0.7 ಇನ್ನೂ ಬಳಕೆಯಲ್ಲಿದೆ ಎಂದು ಸರ್ವರು ನಂಬಿರುವುದರಿಂದ ಹೊಸ ಸುರಂಗಕ್ಕೆ 10.20.0.8 ಕೊಡುತ್ತದೆ. ಫೋನಿನಲ್ಲಿ ತೆರೆದಿದ್ದ ದೂರದ ಪರದೆ, ಅರ್ಧ ಇಳಿದ ಕಡತ, ಡೇಟಾಬೇಸಿನ ಪ್ರಶ್ನೆ, ಎಲ್ಲ ಹಳೆಯ ಒಳವಿಳಾಸಕ್ಕೆ ಗಂಟು ಹಾಕಿಕೊಂಡಿದ್ದವು. ಟಿಸಿಪಿ ಸಂಪರ್ಕವೊಂದು ಎರಡು ತುದಿಯ ವಿಳಾಸ ಮತ್ತು ಪೋರ್ಟುಗಳಿಂದ ಗುರುತಾಗುತ್ತದೆ. ಆ ನಾಲ್ಕರಲ್ಲಿ ಒಂದು ಬದಲಾದರೂ ಅದು ಅದೇ ಸಂಪರ್ಕವಲ್ಲ. ಆದ್ದರಿಂದ ವಿಪಿಎನ್ ಮರಳಿ ಬಂದರೂ ಒಳಗಿನ ಕೆಲಸ ಮರಳುವುದಿಲ್ಲ, ಪ್ರತಿ ಆ್ಯಪ್ಪನ್ನೂ ಮತ್ತೆ ತೆರೆದು ಮತ್ತೆ ಲಾಗಿನ್ ಆಗಬೇಕು. ಪ್ರವೇಶಕ್ಕೆ ಒಟಿಪಿ ಕೇಳುವ ಕಚೇರಿಯಾದರೆ ವೈಫೈ ದಾಟಿದಾಗೆಲ್ಲ ಒಂದೊಂದು ಒಟಿಪಿ. ದಿನಕ್ಕೆ ಹತ್ತು ಜಾಗ ಸುತ್ತುವ ಕ್ಷೇತ್ರ ಸಿಬ್ಬಂದಿಗೆ ಇದು ಸಣ್ಣ ಹಿಂಸೆಯಲ್ಲ.

ಇನ್ನು ಹೊಸ ವಿಧಾನ. ಐಕೆಇಯ ಎರಡನೇ ಆವೃತ್ತಿ, ಅಂದರೆ ಐಕೆಇವಿ2, 2005ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರ ಬೆನ್ನಿಗೇ 2006ರ ಜೂನ್‌ನಲ್ಲಿ, ನೋಕಿಯಾದಲ್ಲಿದ್ದ ಪಾಸಿ ಎರೊನೆನ್ ಸಂಪಾದಿಸಿದ ಆರ್‌ಎಫ್‌ಸಿ 4555 ಬಂತು. ಅದು ವಿವರಿಸುವ ಸೇರ್ಪಡೆಯ ಹೆಸರು ಮೊಬೈಕ್. ಫೋನ್ ತಯಾರಿಸುತ್ತಿದ್ದ ಕಂಪನಿಯಿಂದ ಇದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಚಲಿಸುವ ಸಾಧನದ ಕಷ್ಟ ಅವರಿಗೆ ಮೊದಲು ಕಂಡಿತ್ತು.

ಐಕೆಇವಿ2ದಲ್ಲಿ ಪಿಪಿಪಿಯೂ ಇಲ್ಲ, ಎಲ್‌2ಟಿಪಿಯೂ ಇಲ್ಲ. ಬಳಕೆದಾರರನ್ನು ಪರೀಕ್ಷಿಸುವುದು, ಒಳವಿಳಾಸ ಕೊಡುವುದು ಎಲ್ಲ ಅದರೊಳಗೇ ಮುಗಿಯುತ್ತದೆ. ಪ್ರಮಾಣಪತ್ರ ಬಳಸಿದರೆ 4 ಸಂದೇಶಗಳಲ್ಲಿ ಸುರಂಗ ಸಿದ್ಧ, ಪಾಸ್‌ವರ್ಡ್ ಬಳಸಿದರೆ ಇನ್ನು ಕೆಲವು. ಅದಕ್ಕಿಂತ ಮುಖ್ಯವಾದದ್ದು, ಇಲ್ಲಿ ಐಪಿಸೆಕ್ ಕೆಲಸ ಮಾಡುವುದು ಸುರಂಗ ವಿಧದಲ್ಲಿ. ಒಳಗಿನ ಇಡೀ ಪ್ಯಾಕೆಟ್ಟನ್ನು, ಅದರ ಒಳವಿಳಾಸದ ಸಮೇತ, ಬೀಗ ಹಾಕಿ ಸುತ್ತಿ, ಮೇಲೆ ಬೇರೊಂದು ಹೊರವಿಳಾಸ ಬರೆದು ಕಳಿಸಲಾಗುತ್ತದೆ. ಕೀಲಿಯ ಒಪ್ಪಂದ ಇರುವುದು ಒಳವಿಳಾಸದ ಬಗ್ಗೆ. ಹೊರವಿಳಾಸ ದಾರಿ ತೋರಿಸುವ ಚೀಟಿ ಮಾತ್ರ. ಮೊಬೈಕ್ ಸುರಂಗ ವಿಧಕ್ಕಷ್ಟೇ ಅನ್ವಯಿಸುವುದೂ ಇದೇ ಕಾರಣಕ್ಕೆ. ಸಾಗಣೆ ವಿಧದಲ್ಲಿ ಎರಡೂ ಒಂದೇ ಆಗಿರುವುದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸಲು ಜಾಗವೇ ಇಲ್ಲ.

ಹೊರವಿಳಾಸ ನಂಬಲಾಗದಿದ್ದರೆ ಸರ್ವರು ಫೋನನ್ನು ಗುರುತಿಸುವುದು ಹೇಗೆ? ಎಸ್‌ಪಿಐ ಎಂಬ ಸಂಖ್ಯೆಯಿಂದ. ಮೊದಲ ಪರಿಚಯದ ವೇಳೆ ಎರಡೂ ಕಡೆಯವರು ಒಂದೊಂದು ಸಂಖ್ಯೆ ಆರಿಸಿ ಪರಸ್ಪರ ಹೇಳಿಕೊಂಡಿರುತ್ತಾರೆ. ಐಕೆಇ ಸಂದೇಶದಲ್ಲಿ ಇದು 64 ಬಿಟ್‌ನ ಒಂದು ಜೋಡಿ, ಮಾಹಿತಿಯ ಪ್ಯಾಕೆಟ್ಟಿನಲ್ಲಿ 32 ಬಿಟ್‌ನ ಒಂದು ಸಂಖ್ಯೆ. ಪ್ಯಾಕೆಟ್ ಎಲ್ಲಿಂದಲೇ ಬರಲಿ, ಸರ್ವರು ಈ ಸಂಖ್ಯೆ ನೋಡಿ ತನ್ನ ಕಡತದಿಂದ ಸರಿಯಾದ ಕೀಲಿ ತೆಗೆಯುತ್ತದೆ. ಆ ಕೀಲಿಗೆ ಬೀಗ ತೆರೆದರೆ ಕಳಿಸಿದವರು ಹಳೆಯ ಪರಿಚಯದವರೇ ಎಂದು ಸಾಬೀತಾಯಿತು. ಹಳೆಯ ಐಪಿಸೆಕ್ಕಿನಲ್ಲೂ ಈ ಸಂಖ್ಯೆ ಇತ್ತು. ಅದರ ಬಲದ ಮೇಲೆ ವಿಳಾಸ ಬದಲಿಸಿಕೊಳ್ಳುವ ವಿಧಿ ಮಾತ್ರ ಇರಲಿಲ್ಲ.

ಮೊಬೈಕ್ ತಂದದ್ದು ಆ ವಿಧಿಯನ್ನು. ಗೇಟಿನ ಹೊರಗಿನ ಅದೇ ಫೋನಿಗೆ ಮರಳೋಣ. 100.72.14.9 ಕೈಗೆ ಬಂದೊಡನೆ ಅದು ಹೊಸ ವಿಳಾಸದಿಂದಲೇ ಸರ್ವರಿನ 4500ನೇ ಪೋರ್ಟಿಗೆ ಒಂದು ಸಂದೇಶ ಕಳಿಸುತ್ತದೆ. ಮೇಲೆ ಹಳೆಯ ಎಸ್‌ಪಿಐ ಜೋಡಿ, ಹಳೆಯ ಕೀಲಿಯದೇ ಬೀಗ, ಒಳಗೆ "ಸುರಂಗದ ವಿಳಾಸ ಬದಲಿಸಿಕೊ" ಎಂಬ ಸೂಚನೆ. ಆರ್‌ಎಫ್‌ಸಿಯಲ್ಲಿ ಅದರ ಹೆಸರು `UPDATE_SA_ADDRESSES`. ಸರ್ವರು ಕೀಲಿ ಹಾಕಿ ನೋಡುತ್ತದೆ, ಸಂದೇಶದ ಕ್ರಮಸಂಖ್ಯೆ ನೋಡುತ್ತದೆ. ಹಳೆಯ ಸಂದೇಶವನ್ನು ಯಾರೋ ಕದ್ದು ಮತ್ತೆ ಕಳಿಸಿದ್ದಲ್ಲ ಎಂದು ಖಚಿತವಾದ ಮೇಲೆ ತನ್ನ ದಾಖಲೆಯಲ್ಲಿ ಹೊರವಿಳಾಸವನ್ನು ತಿದ್ದಿ ಒಪ್ಪಿಗೆ ಕಳಿಸುತ್ತದೆ. ಒಂದು ಹೋಗುವ ಸಂದೇಶ, ಒಂದು ಬರುವ ಸಂದೇಶ. 80 ಮಿಲಿಸೆಕೆಂಡಿನ ಜಾಲದಲ್ಲಿ ಕೆಲಸ ಅಷ್ಟರಲ್ಲೇ ಮುಗಿಯಿತು. ಹೊಸ ಕೀಲಿ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಒಟಿಪಿ ಬೇಕಿಲ್ಲ. ಒಳವಿಳಾಸ 10.20.0.7 ಹಾಗೆಯೇ ಇರುತ್ತದೆ. ನಡುವೆ ಕಳೆದುಹೋದ ಒಂದೆರಡು ಪ್ಯಾಕೆಟ್ಟುಗಳನ್ನು ಟಿಸಿಪಿ ತಾನೇ ಮತ್ತೆ ಕಳಿಸಿಕೊಳ್ಳುತ್ತದೆ. ತೆರೆದಿಟ್ಟ ಪರದೆಗೆ ವಿಷಯವೇ ತಿಳಿಯುವುದಿಲ್ಲ.

ಹಳೆಯ ವಿಧಾನದ 91 ಸೆಕೆಂಡ್ ಇಲ್ಲೇಕೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಸರ್ವರು ಮೌನದಿಂದ ಸಾವನ್ನು ಊಹಿಸಬೇಕಿತ್ತು, ಊಹೆಗೆ ಸಮಯ ಬೇಕು. ಇಲ್ಲಿ ಜಾಗ ಬದಲಿಸಿದವರೇ ಬಂದು ತಿಳಿಸುತ್ತಾರೆ. ವಿಳಾಸ ಬದಲಾದದ್ದು ಮೊದಲು ಗೊತ್ತಾಗುವುದು ಫೋನಿಗೆ, ಆದ್ದರಿಂದ ಮಾತು ಶುರುವಾಗುವುದೂ ಫೋನಿನಿಂದ. ಮೊಬೈಕ್‌ನಲ್ಲಿ ಯಾವ ದಾರಿ ಬಳಸಬೇಕೆಂಬ ತೀರ್ಮಾನ ಸುರಂಗವನ್ನು ಶುರು ಮಾಡಿದವರದೇ.

ಇಷ್ಟು ಸಲೀಸಾದ ಏರ್ಪಾಡಿನಲ್ಲಿ ಒಂದು ಅಪಾಯವಿದೆ, ನಿಯಮ ಬರೆದವರು ಅದನ್ನು ಮರೆತಿಲ್ಲ. ಸಂದೇಶದ ಒಳಭಾಗಕ್ಕೆ ಬೀಗವಿದೆ, ಆದರೆ ಪ್ಯಾಕೆಟ್ಟಿನ ಮೇಲಿನ ಹೊರವಿಳಾಸಕ್ಕೆ ಇಲ್ಲ. ಮನೆಯ ರೂಟರಾಗಲಿ ಮೊಬೈಲ್ ಕಂಪನಿಯ ಉಪಕರಣವಾಗಲಿ ದಾರಿಯಲ್ಲಿ ಆ ವಿಳಾಸವನ್ನು ತಿದ್ದಿಯೇ ಕಳಿಸುತ್ತವೆ, ಹಾಗಾಗಿ ಅದಕ್ಕೆ ಬೀಗ ಹಾಕುವಂತೆಯೂ ಇಲ್ಲ. ದಾರಿಯ ಮಧ್ಯೆ ಕೂತ ದುರುಳನೊಬ್ಬ ಈ ಸಂದೇಶವನ್ನು ಹಿಡಿದು, ಹೊರವಿಳಾಸದ ಜಾಗದಲ್ಲಿ ಬೇರೊಬ್ಬರ ವಿಳಾಸ ಬರೆದು ಮುಂದೆ ಬಿಟ್ಟರೆ? ಕಚೇರಿಯ ಸಂಚಾರವೆಲ್ಲ ಆ ಅಮಾಯಕರ ಮೇಲೆ ಬಂದು ಸುರಿಯುತ್ತದೆ. ಅವರಿಗೆ ಓದಲಾಗದು, ನಿಜ, ಆದರೆ ಅವರ ಸಂಪರ್ಕ ಉಸಿರುಗಟ್ಟುತ್ತದೆ. ಇದನ್ನು ತಡೆಯಲು ಸರ್ವರು ಬಯಸಿದರೆ ಹೊಸ ವಿಳಾಸಕ್ಕೆ ಊಹಿಸಲಾಗದ ಒಂದು ಗುರುತನ್ನು ಬೀಗ ಹಾಕಿ ಕಳಿಸಿ, ಅದೇ ಗುರುತು ವಾಪಸು ಬಂದರೆ ಮಾತ್ರ ವಿಳಾಸವನ್ನು ನಂಬುತ್ತದೆ. ಆರ್‌ಎಫ್‌ಸಿಯಲ್ಲಿ ಆ ಗುರುತಿನ ಹೆಸರು `COOKIE2`. ಇದಕ್ಕೆ ಇನ್ನೊಂದು ಹೋಗಿ ಬರುವ ಪಯಣ. ಆಗಲೂ ಒಟ್ಟು ಕಾಲ ಸೆಕೆಂಡಿನ ಕಾಲುಭಾಗ ಮೀರುವುದಿಲ್ಲ.

ಹಾಗೆಂದು ಐಕೆಇವಿ2 ಹಾಕಿಕೊಂಡ ಎಲ್ಲರ ಫೋನೂ ಹೀಗೇ ಓಡುತ್ತದೆ ಎಂದಲ್ಲ. ಮೊಬೈಕ್ ಒಂದು ಸೇರ್ಪಡೆ, ಎರಡೂ ಕಡೆಯವರು ಒಪ್ಪಿದರೆ ಮಾತ್ರ ಉಂಟು. ಮೊದಲ ಪರಿಚಯದಲ್ಲೇ ಫೋನು "ನನಗಿದು ಬರುತ್ತದೆ" ಎನ್ನಬೇಕು, ಸರ್ವರೂ ಅದನ್ನೇ ಹೇಳಬೇಕು. ಒಬ್ಬರು ಸುಮ್ಮನಿದ್ದರೆ, ವಿಳಾಸ ಬದಲಾದಾಗ ಹೊಸ ಪರಿಚಯವೇ ಗತಿ. ಸ್ಟ್ರಾಂಗ್‌ಸ್ವಾನ್ ಎಂಬ ಮುಕ್ತ ತಂತ್ರಾಂಶ ಬಳಸುವ ಸರ್ವರಿನಲ್ಲಿ ಇದು ತಾನಾಗಿಯೇ ಚಾಲೂ ಇರುತ್ತದೆ, ಯಾರಾದರೂ `mobike = no` ಎಂದು ಬರೆದು ಆರಿಸದಿದ್ದರೆ. ಐಫೋನಿಗೆ ಕಚೇರಿಯವರು ಕಳಿಸುವ ವಿಪಿಎನ್ ಪ್ರೊಫೈಲಿನಲ್ಲೂ `DisableMOBIKE` ಎಂಬ ಒಂದು ಸಾಲು ಇರಬಹುದು. ಅದರ ಬೆಲೆ 1 ಆಗಿದ್ದರೆ ಮೊಬೈಕ್ ಬಂದ್.

ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸರ್ವರಿನ ದಾಖಲೆಯೇ ಒಳ್ಳೆಯ ಸಾಕ್ಷಿ. ಸ್ಟ್ರಾಂಗ್‌ಸ್ವಾನ್ ದಾಖಲೆಯಲ್ಲಿ ಮೊದಲ ಪರಿಚಯದ ಸಾಲಿನಲ್ಲಿ `N(MOBIKE_SUP)` ಕಾಣಬೇಕು, ಕೋರಿಕೆಯಲ್ಲೂ ಉತ್ತರದಲ್ಲೂ. ಆಮೇಲೆ ಫೋನಿನ ವೈಫೈ ಆರಿಸಿ 4ಜಿಗೆ ಬಂದಾಗ `INFORMATIONAL` ಎಂಬ ಸಾಲಿನಲ್ಲಿ `N(UPD_SA_ADDR)` ಬರಬೇಕು. ಅದರ ಬದಲು ಹೊಸದಾಗಿ `IKE_SA_INIT` ಎಂಬ ಸಾಲು ಬಂದರೆ ಫೋನು ಹೊಸ ಸುರಂಗವನ್ನೇ ಕಟ್ಟುತ್ತಿದೆ ಎಂದರ್ಥ. ಸರ್ವರಿನ ದಾಖಲೆ ನೋಡಲಾಗದ ಸಾಮಾನ್ಯ ಬಳಕೆದಾರರಿಗೂ ಒಂದು ಪರೀಕ್ಷೆಯಿದೆ. ವಿಪಿಎನ್ ಮೂಲಕ ಕಚೇರಿಯ ಕಡತವೊಂದನ್ನು ಇಳಿಸಲು ಬಿಟ್ಟು, ನಡುವೆ ವೈಫೈ ಆರಿಸಿ ನೋಡಿ. ಇಳಿಯುವುದು ಕ್ಷಣ ತಡೆದು ಮುಂದುವರಿದರೆ ಒಳವಿಳಾಸ ಉಳಿದಿದೆ. ಕಡಿದು ನಿಂತರೆ ಉಳಿದಿಲ್ಲ. ಆದರೆ ಕಡಿದ ಡೌನ್‌ಲೋಡನ್ನು ತಾನಾಗಿ ಮುಂದುವರಿಸುವ ಆ್ಯಪ್ ಆಗಿದ್ದರೆ ಈ ಪರೀಕ್ಷೆ ನಂಬುವಂತಿಲ್ಲ.

ದೊಡ್ಡ ಕಚೇರಿಗಳಲ್ಲಿ ಕಾಣುವ ಒಂದು ದೋಷ ಹೇಳಲೇಬೇಕು, ಏಕೆಂದರೆ ಅದರಲ್ಲಿ ಎಲ್ಲ ಸರಿಯಿದ್ದೂ ಏನೂ ಸರಿಯಿರುವುದಿಲ್ಲ. ಫೋನು ಮೊಬೈಕ್ ಒಪ್ಪಿದೆ, ಸರ್ವರೂ ಒಪ್ಪಿದೆ, ಆದರೂ ವೈಫೈ ದಾಟಿದರೆ ಸುರಂಗ ಬೀಳುತ್ತದೆ. ಹುಡುಕಿದರೆ ವಿಪಿಎನ್ ಸರ್ವರು ಒಂದಲ್ಲ, ನಾಲ್ಕೈದು. ಅವುಗಳ ಮುಂದೆ ಸಂಚಾರ ಹಂಚುವ ಒಂದು ಲೋಡ್ ಬ್ಯಾಲೆನ್ಸರ್. ಅದು ಫೋನಿನ ಹೊರವಿಳಾಸ ನೋಡಿ ಇವರನ್ನು ಮೂರನೇ ಸರ್ವರಿಗೆ ಕಳಿಸೋಣ ಎಂದು ತೀರ್ಮಾನಿಸಿರುತ್ತದೆ. ವಿಳಾಸ ಬದಲಾದ ಮೇಲೆ ಅದೇ ಫೋನಿನ ಸಂದೇಶವನ್ನು ಒಂದನೇ ಸರ್ವರಿಗೆ ದಾಟಿಸುತ್ತದೆ. ಆ ಸರ್ವರಿಗೆ ಈ ಎಸ್‌ಪಿಐ ಅಪರಿಚಿತ, ಕೀಲಿಯೂ ಇಲ್ಲ. ಸಂದೇಶ ಕಸಕ್ಕೆ ಹೋಗುತ್ತದೆ. ಸುರಂಗದ ಎರಡು ತುದಿಗಳು ವಿಳಾಸವನ್ನು ಮರೆತು ಸಂಖ್ಯೆಯನ್ನು ನಂಬಲು ಕಲಿತರೂ, ನಡುವೆ ನಿಂತ ಹಂಚುವವನು ಇನ್ನೂ ವಿಳಾಸವನ್ನೇ ನಂಬಿದ್ದಾನೆ. ಪ್ರತಿ ಫೋನಿಗೂ ನಿರ್ದಿಷ್ಟ ಸರ್ವರಿನ ಸ್ವಂತ ವಿಳಾಸವನ್ನೇ ಕೊಡುವುದು, ಅಥವಾ ಎಸ್‌ಪಿಐ ನೋಡಿ ಹಂಚಬಲ್ಲ ಉಪಕರಣ ಹಾಕುವುದು, ಇದಕ್ಕಿರುವ ದಾರಿ.

ಮೊಬೈಕ್‌ಗೂ ಮೀರಿದ್ದು ಕೆಲವಿವೆ. ಎರಡೂ ತುದಿಗಳು ಒಟ್ಟಿಗೆ ವಿಳಾಸ ಬದಲಿಸಿದರೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಉಪಾಯ ಅದರಲ್ಲಿಲ್ಲ. ಕಚೇರಿಯ ಸರ್ವರು ಇದ್ದಲ್ಲೇ ಇರುವುದರಿಂದ ಇದು ತೊಂದರೆ ಕೊಡುವುದು ಅಪರೂಪ. ಹೋಟೆಲಿನ ವೈಫೈ 500 ಮತ್ತು 4500ನೇ ಯುಡಿಪಿ ಪೋರ್ಟುಗಳನ್ನು ಮುಚ್ಚಿದ್ದರೆ ವಿಳಾಸ ಬದಲಾವಣೆಯ ಸಂದೇಶವೇ ಹೊರಬೀಳದು. ಇನ್ನು ಎಲ್ಲೂ ಸಿಗ್ನಲ್ ಇಲ್ಲದ ಘಾಟಿಯ ತಿರುವಿನಲ್ಲಿ ಯಾವ ವಿಧಾನವೂ ನೆರವಾಗದು. ಆದರೆ ಎಷ್ಟು ಹೊತ್ತಿನ ಮೌನವನ್ನು ತಾಳಿಕೊಳ್ಳಬೇಕು ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಸ್ಟ್ರಾಂಗ್‌ಸ್ವಾನ್ ತನ್ನ ಮೂಲ ಹೊಂದಿಕೆಯಲ್ಲಿ ಉತ್ತರ ಬಾರದ ಸಂದೇಶವನ್ನು ಮತ್ತೆ ಮತ್ತೆ ಕಳಿಸುತ್ತಾ 165 ಸೆಕೆಂಡಿನ ಹೊತ್ತಿಗೆ ಕೈಬಿಡುತ್ತದೆ. 2009ರಲ್ಲಿ ವಿಂಡೋಸ್ 7ರೊಡನೆ ಬಂದ ಇದೇ ಬಗೆಯ ವಿಪಿಎನ್‌ಗೆ ಮೈಕ್ರೋಸಾಫ್ಟ್ ಇಟ್ಟ ಮೂಲ ಅವಧಿ 30 ನಿಮಿಷ. ದಿನವೂ ಘಾಟಿ ಹತ್ತಿ ಇಳಿಯುವ ಸಿಬ್ಬಂದಿ ಇರುವ ಸಂಸ್ಥೆ ಈ ಅವಧಿಯನ್ನು ಉದಾರವಾಗಿ ಇಡುವುದು ಒಳ್ಳೆಯದು.

ಇನ್ನೊಂದು ತಡ ವಿಪಿಎನ್‌ನದ್ದೇ ಅಲ್ಲ. ಮನೆಯಿಂದ ಹತ್ತು ಹೆಜ್ಜೆ ಆಚೆ ವೈಫೈ ಒಂದು ಗೀಟಿಗೆ ಇಳಿದಿರುತ್ತದೆ, ಮಾಹಿತಿ ಸಾಗುತ್ತಿರುವುದಿಲ್ಲ, ಆದರೂ ಫೋನು ಅದನ್ನು ಬಿಡದೆ ಹಿಡಿದಿರುತ್ತದೆ. ಫೋನು 4ಜಿಗೆ ಬರುವ ತನಕ ಮೊಬೈಕ್‌ಗೆ ಹೇಳಲು ಸುದ್ದಿಯೇ ಇಲ್ಲ. ಹೊಸ ವಿಪಿಎನ್ ಹಾಕಿಸಿಕೊಂಡ ಮೇಲೂ ಗೇಟಿನ ಹತ್ತಿರ ಒಂದಷ್ಟು ಸೆಕೆಂಡ್ ತಡೆಯುತ್ತದೆ ಎಂದು ದೂರುವವರ ತೊಂದರೆ ಹೆಚ್ಚಾಗಿ ಇದೇ. ವೈಫೈ ದುರ್ಬಲವಾದಾಗ ಮೊಬೈಲ್ ಡೇಟಾಗೆ ಹೊರಳುವ ಆಯ್ಕೆ ಬಹಳ ಫೋನುಗಳ ಸೆಟ್ಟಿಂಗ್‌ನಲ್ಲಿದೆ, ಅದನ್ನು ಚಾಲೂ ಮಾಡಿದರೆ ಈ ತಡ ಕಡಿಮೆಯಾಗುತ್ತದೆ.

ವಿಪಿಎನ್ ಎಂದೂ ಬಳಸದವರ ಫೋನಿನಲ್ಲೂ ಐಕೆಇವಿ2 ಕೆಲಸ ಮಾಡುತ್ತಿರಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಸಿಗ್ನಲ್ ಬಾರದ ಮನೆಯೊಳಗೆ ವೈಫೈ ಕಾಲಿಂಗ್ ಮೂಲಕ ಮಾತಾಡುವಾಗ, ಫೋನು ಮೊಬೈಲ್ ಕಂಪನಿಯ ದ್ವಾರದ ತನಕ ಐಕೆಇವಿ2 ಬಳಸಿ ಒಂದು ಐಪಿಸೆಕ್ ಸುರಂಗ ಕಟ್ಟಿಕೊಂಡು ಅದರಲ್ಲಿ ಕರೆಯನ್ನು ಕಳಿಸುತ್ತದೆ. ಅಂಗಡಿಯಲ್ಲಿ ಕೊಂಡ ದಿನವೇ ಫೋನಿನೊಳಗೆ ಆ ಸಾಮರ್ಥ್ಯ ಇರುತ್ತದೆ.

ಐಫೋನಿನಲ್ಲಿ ಐಕೆಇವಿ2 2014ರ ಐಒಎಸ್ 8ರಿಂದ ಇದೆ. ಆಂಡ್ರಾಯ್ಡ್ ಇದನ್ನು ತನ್ನೊಳಗೇ ತಂದುಕೊಂಡದ್ದು 2020ರ 11ನೇ ಆವೃತ್ತಿಯಲ್ಲಿ. ಮರುವರ್ಷದ 12ನೇ ಆವೃತ್ತಿಯಿಂದ ಎಲ್‌2ಟಿಪಿಯ ಹೊಸ ವಿಪಿಎನ್ ಸೇರಿಸುವ ಆಯ್ಕೆಯನ್ನೇ ತೆಗೆದುಹಾಕಿತು. ಈಗ ಆ ಪಟ್ಟಿಯಲ್ಲಿ `IKEv2/IPSec MSCHAPv2` ಮುಂತಾದವು ಮಾತ್ರ ಸಿಗುತ್ತವೆ. ಹೊಸ ಫೋನ್ ಕೊಂಡ ಉದ್ಯೋಗಿ ಕಚೇರಿಯವರು ಕೊಟ್ಟ ಹಳೆಯ ಕೈಪಿಡಿ ಹಿಡಿದು ಎಲ್‌2ಟಿಪಿಗಾಗಿ ಹುಡುಕಾಡುವುದಕ್ಕೆ ಕಾರಣ ಇದೇ. ಫೋನು ಕೆಟ್ಟದ್ದಲ್ಲ, ಕೈಪಿಡಿ ಹಳತಾಗಿದೆ.

ನಿಮ್ಮ ಕಚೇರಿಯ ವಿಪಿಎನ್ ವಿವರದಲ್ಲಿ ಇನ್ನೂ ಎಲ್‌2ಟಿಪಿ ಎಂದೇ ಬರೆದಿದ್ದರೆ, ಪ್ರತಿ ಸಲ ಎರಡು ನಿಮಿಷ ಕಾಯುವ ಬದಲು ನೆಟ್‌ವರ್ಕ್ ವಿಭಾಗದವರನ್ನು ಎರಡು ಪ್ರಶ್ನೆ ಕೇಳಿ: ಐಕೆಇವಿ2ಗೆ ಯಾವಾಗ ಬದಲಿಸುತ್ತೀರಿ, ಬದಲಿಸುವಾಗ ಮೊಬೈಕ್ ಚಾಲೂ ಇಡುತ್ತೀರಾ? ಇಂದು ಬಳಕೆಯಲ್ಲಿರುವ ಹೆಚ್ಚಿನ ವಿಪಿಎನ್ ಸರ್ವರುಗಳಿಗೆ ಐಕೆಇವಿ2 ಬರುತ್ತದೆ, ಬಹಳ ಕಡೆ ಹೊಸ ಯಂತ್ರ ಕೊಳ್ಳಬೇಕಾಗಿಯೂ ಇಲ್ಲ.